ಎದೆಯುರಿ ಜೊತೆ ಊಟ ಸಿಕ್ಕಿಕೊಳ್ಳುತ್ತಿದೆಯೇ? ಎಂಡೋಸ್ಕೋಪಿಗೆ ತಡ ಮಾಡಬೇಡಿ
ಚೆನ್ನೈನ ಎಣ್ಣೂರಿನ 52 ವರ್ಷದ ಕಾರ್ಮಿಕರೊಬ್ಬರಿಗೆ ವರ್ಷಗಳಿಂದ ಎದೆಯುರಿ ಎಂದುಕೊಳ್ಳಿ. ಬರೀ ಉರಿಯಾದರೆ ವೈದ್ಯರು ಸಾಮಾನ್ಯವಾಗಿ ಆಸಿಡಿಟಿ ತಗ್ಗಿಸುವ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ, 8 ವಾರ ಕೊಟ್ಟು ನೋಡುತ್ತಾರೆ. ಕಡಿಮೆಯಾಗದಿದ್ದರೆ ಎಂಡೋಸ್ಕೋಪಿ.

ಆದರೆ ಚಪಾತಿ ಎದೆಯಲ್ಲಿ ಸಿಕ್ಕಿಕೊಂಡು, ನೀರು ಕುಡಿದ ಮೇಲೆ ಇಳಿಯುತ್ತಿದ್ದರೆ 8 ವಾರ ಕಾಯುವಂತಿಲ್ಲ. ಮೊದಲು ಗಟ್ಟಿ ಆಹಾರ, ಆಮೇಲೆ ಗಂಜಿಯೂ ಸಿಕ್ಕಿಕೊಂಡರೆ ಅನ್ನನಾಳ ಕಿರಿದಾಗುತ್ತಿರುವ ಸುಳಿವು. ಅದು ಆಸಿಡ್‌ನಿಂದಾದ ಗಾಯದ ಕಲೆಯಾಗಿರಬಹುದು, ಕ್ಯಾನ್ಸರ್ ಕೂಡ ಆಗಿರಬಹುದು. ಮಾತ್ರೆಯಿಂದ ಉರಿ ತಗ್ಗಿದ ಮಾತ್ರಕ್ಕೆ ಕ್ಯಾನ್ಸರ್ ಇಲ್ಲವೆನ್ನಲಾಗದು. ಎಂಡೋಸ್ಕೋಪಿಯಲ್ಲಿ ನೋಡಿ, ಬೇಕಾದರೆ ಚೂರು ತೆಗೆದು ಪರೀಕ್ಷಿಸಬೇಕು.

ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಕೂಡ ಎಚ್ಚರಿಕೆಯ ಗುರುತುಗಳೇ. ರಕ್ತ ವಾಂತಿಯಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಅಥವಾ ಉಗುಳೂ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಹೋಗಿ.