ಅಮಲು ಇಳಿದರೂ ಮಾತ್ರೆ ಇಳಿದಿರುವುದಿಲ್ಲ

ಮಳೆಗಾಲದಲ್ಲಿ ನೆಗಡಿ ಹಬ್ಬಿತೆಂದರೆ ಮೆಡಿಕಲ್ ಶಾಪಿನಲ್ಲಿ ದಿನವಿಡೀ ಕೇಳಿಬರುವ ಮಾತು ಒಂದೇ: ‘ನೆಗಡಿಗೆ ಒಂದೆರಡು ಮಾತ್ರೆ ಕೊಡಿ.’ ಅಂಗಡಿಯವರು ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಡುತ್ತಾರೆ. ಕತ್ತರಿಸಿದ ತುಂಡಿನಲ್ಲಿ ಔಷಧದ ಹೆಸರು ಅರ್ಧ ಇರುತ್ತದೆ, ಎಚ್ಚರಿಕೆಯ ಸಾಲು ಇನ್ನೊಂದು ತುಂಡಿನಲ್ಲೇ ಉಳಿದಿರುತ್ತದೆ. ಹೀಗಾಗಿ ತಾವು ನುಂಗುತ್ತಿರುವುದರಲ್ಲಿ ನಿದ್ದೆ ತರಿಸುವ ಔಷಧವೂ ಇದೆ ಎಂಬುದು ಬಹಳ ಜನರಿಗೆ ಗೊತ್ತೇ ಆಗುವುದಿಲ್ಲ.

ನಮ್ಮಲ್ಲಿ ಸಿಗುವ ನೆಗಡಿ ಮಾತ್ರೆಗಳಲ್ಲಿ ಸಾಮಾನ್ಯವಾಗಿ ಮೂರು ಔಷಧಗಳು ಸೇರಿರುತ್ತವೆ. ಜ್ವರ, ಮೈಕೈ ನೋವಿಗೆ ಪ್ಯಾರಸಿಟಮಾಲ್. ಕಟ್ಟಿದ ಮೂಗು ಬಿಡಿಸಲು ಫಿನೈಲ್‌ಎಫ್ರಿನ್. ಸೀನು ಮತ್ತು ಸೋರುವ ಮೂಗಿಗೆ ಕ್ಲೋರ್‌ಫೆನಿರಮೈನ್. ಮಂಪರು ತರುವುದು ಈ ಮೂರನೆಯದು. ಹಲವು ಕೆಮ್ಮಿನ ಸಿರಪ್‌ಗಳಲ್ಲೂ ಇದೇ ಕ್ಲೋರ್‌ಫೆನಿರಮೈನ್ ಇರುತ್ತದೆ, ಇಲ್ಲವೇ ಅದರ ಬಳಗಕ್ಕೇ ಸೇರಿದ ಡೈಫೆನ್‌ಹೈಡ್ರಮೈನ್ ಇರುತ್ತದೆ. ಹೊರದೇಶಗಳಲ್ಲಿ ‘ರಾತ್ರಿಯ ಮಾತ್ರೆ’ ಎಂದೇ ಮಾರುವ ನೆಗಡಿ ಔಷಧಗಳಲ್ಲಿ ಹೆಚ್ಚಾಗಿ ಇರುವುದು ಡೈಫೆನ್‌ಹೈಡ್ರಮೈನ್ ಅಥವಾ ಡಾಕ್ಸಿಲಮೈನ್. ಹೆಸರು ಬೇರೆಯಾದರೂ ಕೆಲಸ ಒಂದೇ.

ಮಿದುಳಿನ ಬುಡದ ಹತ್ತಿರ, ಹೈಪೊಥಲಾಮಸ್ ಎಂಬ ಭಾಗದಲ್ಲಿ, ನಮ್ಮನ್ನು ಎಚ್ಚರವಾಗಿಡುವ ಒಂದು ಗುಂಪು ನರಕೋಶಗಳಿವೆ. ಅವು ಹಿಸ್ಟಮಿನ್ ಎಂಬ ರಾಸಾಯನಿಕವನ್ನು ಮಿದುಳಿನ ತುಂಬ ಹರಿಸುತ್ತಿರುತ್ತವೆ. ಮೂಗಿನಲ್ಲಿ ಸೀನು ತರಿಸುವ ಹಿಸ್ಟಮಿನ್ ಮಿದುಳಿನಲ್ಲಿ ಎಚ್ಚರ ಕಾಯುತ್ತದೆ. ಹಳೆಯ ಕಾಲದ ಅಲರ್ಜಿ ಔಷಧವಾದ ಕ್ಲೋರ್‌ಫೆನಿರಮೈನ್ ಸುಲಭವಾಗಿ ಮಿದುಳಿನೊಳಗೆ ನುಗ್ಗಿ ಅಲ್ಲಿಯೂ ಹಿಸ್ಟಮಿನ್ನನ್ನು ತಡೆಯುತ್ತದೆ. ಮದ್ಯದ ದಾರಿ ಬೇರೆ. ಅದು ನರಗಳನ್ನು ತಣ್ಣಗಾಗಿಸುವ ಗಾಬಾ ಎಂಬ ರಾಸಾಯನಿಕದ ಬಲ ಹೆಚ್ಚಿಸುತ್ತದೆ, ಚುರುಕಾಗಿಸುವ ಗ್ಲುಟಮೇಟ್‌ನ ಬಲ ಕುಗ್ಗಿಸುತ್ತದೆ. ಆಲ್‌ಪ್ರಜೊಲಾಮ್, ಕ್ಲೊನಜೆಪಾಮ್, ಡಯಾಜೆಪಾಮ್‌ನಂತಹ ನಿದ್ದೆ ಮತ್ತು ಆತಂಕದ ಮಾತ್ರೆಗಳೂ ಗಾಬಾದ ಮೂಲಕವೇ ಕೆಲಸ ಮಾಡುತ್ತವೆ, ಆದರೆ ಮದ್ಯ ಹಿಡಿಯುವ ಜಾಗ ಬೇರೆ, ಇವು ಹಿಡಿಯುವ ಜಾಗ ಬೇರೆ. ಆದ್ದರಿಂದ ಒಂದು ಇನ್ನೊಂದಕ್ಕೆ ಅಡ್ಡ ಬರುವುದಿಲ್ಲ, ಎರಡರ ಬಲವೂ ಕೂಡಿಕೊಳ್ಳುತ್ತದೆ. ಮೂರನ್ನೂ ಒಟ್ಟಿಗೆ ತೆಗೆದುಕೊಂಡವರ ಮಿದುಳಿನಲ್ಲಿ ತಣ್ಣಗಾಗಿಸುವ ಶಕ್ತಿ ಇಮ್ಮಡಿಯಾಗುತ್ತದೆ, ಎಚ್ಚರ ಕಾಯಬೇಕಾದದ್ದು ಅದೇ ಹೊತ್ತಿಗೆ ಬಾಯಿ ಮುಚ್ಚುತ್ತದೆ.

ಒಂದು ರಾತ್ರಿಯ ಲೆಕ್ಕ

ಒಂದು ಉದಾಹರಣೆ ಇಟ್ಟುಕೊಂಡು ಲೆಕ್ಕ ಹಾಕೋಣ. ಹಾಸನದ, 65 ಕಿಲೋ ತೂಕದ ಒಬ್ಬರು ಬೆಳಿಗ್ಗೆ ಆರೂವರೆಗೆ ಕಾರು ಓಡಿಸಿಕೊಂಡು ಬೆಂಗಳೂರಿಗೆ ಹೊರಡಬೇಕು. ಹಿಂದಿನ ದಿನ ಅವರಿಗೆ ನೆಗಡಿ. ಮಧ್ಯಾಹ್ನ ಎರಡಕ್ಕೆ ಒಂದು ಮಾತ್ರೆ ನುಂಗಿದರು. ಅದರಲ್ಲಿ 2 ಮಿಲಿಗ್ರಾಂ ಕ್ಲೋರ್‌ಫೆನಿರಮೈನ್. ರಾತ್ರಿ ಎಂಟೂವರೆಯಿಂದ ಹತ್ತೂವರೆಯೊಳಗೆ ಸ್ನೇಹಿತರ ಜೊತೆ ಒಂದು ಕ್ವಾರ್ಟರ್ ವಿಸ್ಕಿ, ಅಂದರೆ 180 ಮಿಲಿಲೀಟರ್. ಮನೆಗೆ ಬಂದು ಮಲಗುವ ಮುಂಚೆ ಇನ್ನೊಂದು ನೆಗಡಿ ಮಾತ್ರೆ, ಕೆಮ್ಮಿಗೆಂದು 4 ಮಿಲಿಗ್ರಾಂ ಕ್ಲೋರ್‌ಫೆನಿರಮೈನ್ ಇದ್ದ ಎರಡು ಚಮಚ ಸಿರಪ್. ಮೂಗು ಕಟ್ಟಿ ನಿದ್ದೆ ಬರಲಿಕ್ಕಿಲ್ಲವೆಂದು, ಯಾವಾಗಲೋ ವೈದ್ಯರು ಬರೆದುಕೊಟ್ಟು ಮಿಕ್ಕಿದ್ದ ಅರ್ಧ ಮಿಲಿಗ್ರಾಂ ಆಲ್‌ಪ್ರಜೊಲಾಮ್ ಕೂಡ.

ಮೊದಲು ಮದ್ಯ ನೋಡೋಣ. ನಮ್ಮ ವಿಸ್ಕಿಯಲ್ಲಿ ಮದ್ಯಸಾರ ಶೇಕಡ 42.8. ಹಾಗಾಗಿ ಒಂದು ಕ್ವಾರ್ಟರ್‌ನಲ್ಲಿ ಶುದ್ಧ ಮದ್ಯಸಾರ ಸುಮಾರು 61 ಗ್ರಾಂ. ಕುಡಿದು ಮುಗಿಸುವ ಹೊತ್ತಿಗೆ ಅವರ ರಕ್ತದ 100 ಮಿಲಿಲೀಟರ್‌ನಲ್ಲಿ ಸುಮಾರು 110 ಮಿಲಿಗ್ರಾಂ ಮದ್ಯಸಾರ ಇರುತ್ತದೆ. ಲಿವರ್ ಅದನ್ನು ಗಂಟೆಗೆ ಸರಾಸರಿ 15 ಮಿಲಿಗ್ರಾಂನಂತೆ ಕರಗಿಸುತ್ತದೆ. ಕಾಫಿ, ಮಜ್ಜಿಗೆ, ತಣ್ಣೀರಿನ ಸ್ನಾನ ಯಾವುದೂ ಈ ವೇಗವನ್ನು ಹೆಚ್ಚಿಸುವುದಿಲ್ಲ. ಈ ಲೆಕ್ಕದಲ್ಲಿ ಬೆಳಗಿನ ಆರರ ಹೊತ್ತಿಗೆ ಮದ್ಯ ಪೂರ್ತಿ ಇಳಿದಿರುತ್ತದೆ. ಆದರೆ ಲಿವರ್ ನಿಧಾನವಾಗಿ, ಗಂಟೆಗೆ 10 ಮಿಲಿಗ್ರಾಂನಂತೆ ಕರಗಿಸುವವರೂ ಇದ್ದಾರೆ. ಅಂಥವರ ರಕ್ತದಲ್ಲಿ ಆರೂವರೆಗೂ 30 ಮಿಲಿಗ್ರಾಂಗಿಂತ ಹೆಚ್ಚು ಉಳಿದಿರುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಹಾಕಿರುವ ಗೆರೆ ಆ 30 ಮಿಲಿಗ್ರಾಂ.

ಇನ್ನು ಮಾತ್ರೆ. ಕ್ಲೋರ್‌ಫೆನಿರಮೈನ್ ದೊಡ್ಡವರ ದೇಹದಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 20 ಗಂಟೆ ಬೇಕು. ಮದ್ಯದಂತೆ ಅದು ಒಂದು ರಾತ್ರಿಯಲ್ಲಿ ಹೋಗಿಬಿಡುವುದಿಲ್ಲ. ಮಧ್ಯಾಹ್ನದ 2 ಮಿಲಿಗ್ರಾಂನಲ್ಲಿ ಬೆಳಿಗ್ಗೆಗೆ ಅರ್ಧಕ್ಕಿಂತ ಹೆಚ್ಚೇ ಉಳಿದಿರುತ್ತದೆ. ರಾತ್ರಿಯ ಮಾತ್ರೆ, ಸಿರಪ್ ಎರಡರಿಂದ ಬಂದ 6 ಮಿಲಿಗ್ರಾಂನಲ್ಲಿ ಮುಕ್ಕಾಲು ಪಾಲು ಉಳಿದಿರುತ್ತದೆ. ಎರಡೂ ಸೇರಿಸಿದರೆ ಐದೂವರೆ ಮಿಲಿಗ್ರಾಂ ದಾಟುತ್ತದೆ. ದೊಡ್ಡವರಿಗೆ ಒಂದು ಸಲಕ್ಕೆ ಕೊಡುವ ಪೂರ್ತಿ ಡೋಸ್ 4 ಮಿಲಿಗ್ರಾಂ. ಅಂದರೆ ಆಗಷ್ಟೇ ಡೋಸ್ ತೆಗೆದುಕೊಂಡವರಿಗಿಂತ ಹೆಚ್ಚಿನ ಔಷಧ ಮೈಯಲ್ಲಿಟ್ಟುಕೊಂಡು ಅವರು ಸ್ಟೀರಿಂಗ್ ಹಿಡಿಯುತ್ತಾರೆ. ಅರ್ಧ ಮಿಲಿಗ್ರಾಂ ಆಲ್‌ಪ್ರಜೊಲಾಮ್‌ನಲ್ಲೂ ಸುಮಾರು 0.3 ಮಿಲಿಗ್ರಾಂ ಉಳಿದಿರುತ್ತದೆ, ಅದು 0.25ರ ಒಂದು ಮಾತ್ರೆಗಿಂತ ಹೆಚ್ಚು. ಅದರ ಬದಲು ಕ್ಲೊನಜೆಪಾಮ್ ಅಥವಾ ಡಯಾಜೆಪಾಮ್ ನುಂಗಿದ್ದರೆ ಇನ್ನೂ ಹೆಚ್ಚು ಉಳಿಯುತ್ತಿತ್ತು, ಏಕೆಂದರೆ ಅವು ಅರ್ಧಕ್ಕೆ ಇಳಿಯಲು ಒಂದು ದಿನಕ್ಕಿಂತಲೂ ಹೆಚ್ಚು ಹೊತ್ತು ಬೇಕಾಗಬಹುದು.

ದಾರಿಯಲ್ಲಿ ಪೊಲೀಸರು ಯಂತ್ರಕ್ಕೆ ಊದಿಸಿದರೆ ಸೊನ್ನೆ ತೋರಿಸಬಹುದು. ಆ ಯಂತ್ರ ಅಳೆಯುವುದು ಮದ್ಯವನ್ನು ಮಾತ್ರ. ಹಿಡಿತ ತಪ್ಪುವ ಮಟ್ಟಿಗೆ ಔಷಧದ ಪ್ರಭಾವದಲ್ಲಿ ವಾಹನ ಓಡಿಸುವುದೂ ಅದೇ 185ನೇ ಕಲಂ ಪ್ರಕಾರ ಅಪರಾಧ.

‘ನನಗೇನೂ ಮಂಪರಿಲ್ಲ’

ಬೆಳಿಗ್ಗೆ ಎದ್ದಾಗ ಚೆನ್ನಾಗಿಯೇ ಇದ್ದೇನೆ ಅನ್ನಿಸಿದರೆ ಓಡಿಸಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. 2000ದಲ್ಲಿ ಅಮೆರಿಕದ ಅಯೋವ ವಿಶ್ವವಿದ್ಯಾಲಯದವರು ಇದನ್ನೇ ಪರೀಕ್ಷಿಸಿ ಪ್ರಕಟಿಸಿದರು. ಅಲರ್ಜಿಯ ನೆಗಡಿ ಇದ್ದ 40 ಜನರನ್ನು ವಾಹನ ಓಡಿಸುವ ಸಿಮ್ಯುಲೇಟರ್‌ನಲ್ಲಿ ಕೂರಿಸಿ, ಬೇರೆ ಬೇರೆ ದಿನ ಡೈಫೆನ್‌ಹೈಡ್ರಮೈನ್, ಮದ್ಯ, ಮಿದುಳಿಗೆ ಅಷ್ಟಾಗಿ ಹೋಗದ ಫೆಕ್ಸೊಫೆನಡಿನ್, ಔಷಧವೇ ಇಲ್ಲದ ಹುಸಿ ಗುಳಿಗೆ ಕೊಟ್ಟು ನೋಡಿದರು. ಅತಿ ಕೆಟ್ಟದಾಗಿ ಓಡಿಸಿದ್ದು ಮದ್ಯ ಕುಡಿದ ದಿನವಲ್ಲ, ಡೈಫೆನ್‌ಹೈಡ್ರಮೈನ್ ನುಂಗಿದ ದಿನ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ಎಷ್ಟು ಮಂಪರಾಗಿದೆ ಎಂದು ಅವರು ಹೇಳಿಕೊಂಡದ್ದಕ್ಕೂ ಎಷ್ಟು ಕೆಟ್ಟದಾಗಿ ಓಡಿಸಿದರು ಎಂಬುದಕ್ಕೂ ಹೆಚ್ಚು ತಾಳೆಯಾಗಲಿಲ್ಲ. ಮಂಪರು ಗೊತ್ತಾಗದಿದ್ದರೂ ಬ್ರೇಕ್ ಒತ್ತುವುದು ತಡವಾಗುತ್ತದೆ, ಕಾರು ತನ್ನ ಸಾಲಿನಿಂದ ಪಕ್ಕಕ್ಕೆ ಜರುಗುತ್ತದೆ.

ಉಳಿದ ಔಷಧದ ಜೊತೆ ಕೆಟ್ಟ ನಿದ್ದೆಯ ಲೆಕ್ಕವೂ ಸೇರುತ್ತದೆ. ಮದ್ಯ ಬೇಗ ನಿದ್ದೆ ಹತ್ತಿಸುತ್ತದೆ ನಿಜ, ಆದರೆ ರಾತ್ರಿಯ ಮೊದಲ ಭಾಗದಲ್ಲಿ ಕನಸು ಬೀಳುವ ಹಂತದ ನಿದ್ದೆಯನ್ನು ಕಡಿತ ಮಾಡುತ್ತದೆ. ಮದ್ಯ ಇಳಿಯತೊಡಗುವ ಎರಡನೆಯ ಭಾಗದಲ್ಲಿ ನಿದ್ದೆ ಮತ್ತೆ ಮತ್ತೆ ಒಡೆಯುತ್ತದೆ. ಗಂಟಲಿನ ಸ್ನಾಯುಗಳು ಸಡಿಲವಾಗಿ ಗೊರಕೆ ಹೆಚ್ಚುತ್ತದೆ. ಮೂಗೂ ಕಟ್ಟಿದ್ದರೆ ಉಸಿರಾಟ ನಡುನಡುವೆ ತಡೆಯುತ್ತದೆ. ಎಂಟು ಗಂಟೆ ಮಲಗಿದ್ದರೂ ಆ ದೇಹಕ್ಕೆ ಎಂಟು ಗಂಟೆಯ ವಿಶ್ರಾಂತಿ ಸಿಕ್ಕಿರುವುದಿಲ್ಲ. ಮರುದಿನ ಊಟವಾದ ಮೇಲೆ ತಡೆಯಲಾಗದ ತೂಕಡಿಕೆ ಬರುವುದು ಇವೆರಡೂ ಸೇರಿದ್ದರಿಂದ.

ಅಪಾಯ ಮರುದಿನಕ್ಕೆ ಮಾತ್ರವಲ್ಲ

ಮಲಗುವಾಗ ನುಂಗಿದ ಮಾತ್ರೆಗಳ ಬಲ ಏರುವುದು ಮುಂದಿನ ಕೆಲವು ಗಂಟೆಗಳಲ್ಲಿ. ಹೊಟ್ಟೆಯಲ್ಲಿದ್ದ ಮದ್ಯವೂ ಆಗ ರಕ್ತಕ್ಕೆ ಸೇರುತ್ತಿರುತ್ತದೆ. ಮನೆಯವರೆಲ್ಲ ನಿದ್ದೆಯಲ್ಲಿರುವ ನಡುರಾತ್ರಿಯಲ್ಲೇ ಉಸಿರಾಟ ಅತಿ ಕುಗ್ಗುವ ಸಾಧ್ಯತೆ ಇರುವುದು. ವಾಂತಿಯಾದರೆ ಅದು ಶ್ವಾಸನಾಳಕ್ಕೆ ಹೋಗಬಹುದು, ಏಕೆಂದರೆ ಕೆಮ್ಮಿ ಹೊರಹಾಕುವ ಎಚ್ಚರವೂ ಇರುವುದಿಲ್ಲ. ಸಿರಪ್‌ನಲ್ಲಿ ಕೊಡೀನ್ ಇದ್ದರೆ ಅಪಾಯ ಹೆಚ್ಚು, ಅದು ಅಫೀಮಿನ ಬಳಗದ್ದು, ತಾನೇ ಉಸಿರಾಟವನ್ನು ತಗ್ಗಿಸುತ್ತದೆ. ವಯಸ್ಸಾದವರು, ಗೊರಕೆಯಲ್ಲಿ ಉಸಿರು ಕಟ್ಟುವವರು, ಅಸ್ತಮಾ ಇಲ್ಲವೇ ಲಿವರ್ ತೊಂದರೆ ಇರುವವರು ಕಡಿಮೆ ಪ್ರಮಾಣದಲ್ಲೇ ಈ ಹಂತ ತಲುಪಬಹುದು.

ಪಕ್ಕದಲ್ಲಿ ಮಲಗಿದವರು ನೋಡಬೇಕಾದದ್ದು ಇಷ್ಟು. ಕೂಗಿ, ಭುಜ ಅಲುಗಿಸಿದರೂ ಏಳದಿರುವುದು, ಗೊರಗೊರ ಎನ್ನುವ ಅಥವಾ ಹತ್ತು ಸೆಕೆಂಡಿಗೂ ಹೆಚ್ಚು ನಿಂತು ಬರುವ ಉಸಿರು, ನೀಲಿಗಟ್ಟಿದ ತುಟಿ, ತಣ್ಣಗಾದ ಮೈ. ಇವುಗಳಲ್ಲಿ ಒಂದು ಕಂಡರೂ ‘ಅಮಲು ಇಳಿಯಲಿ, ಮಲಗಿರಲಿ’ ಎಂದು ಬಿಡಬಾರದು. ಒಂದು ಮಗ್ಗುಲಿಗೆ ಹೊರಳಿಸಿ, ಬಾಯಿ ಸ್ವಲ್ಪ ಕೆಳಮುಖವಾಗುವಂತೆ ಮಲಗಿಸಿ, 108ಕ್ಕೆ ಕರೆ ಮಾಡಬೇಕು. ಆಂಬುಲೆನ್ಸ್ ಬರುವವರೆಗೆ ಒಬ್ಬರು ಪಕ್ಕದಲ್ಲೇ ಇದ್ದು ಉಸಿರು ನೋಡುತ್ತಿರಬೇಕು. ವಾಂತಿ ಮಾಡಿಸಲು ಬಾಯಿಗೆ ಬೆರಳು ಹಾಕುವುದು, ಮಜ್ಜಿಗೆ ಅಥವಾ ನಿಂಬೆರಸ ಕುಡಿಸುವುದು ಉಸಿರುಗಟ್ಟಿಸಬಹುದು. ನುಂಗಿದ ಮಾತ್ರೆಯ ಸ್ಟ್ರಿಪ್, ಸಿರಪ್ ಬಾಟಲಿಯನ್ನು ಆಸ್ಪತ್ರೆಗೆ ಜೊತೆಯಲ್ಲೇ ಒಯ್ಯಿರಿ.

ಏನು ಮಾಡಬೇಕು

ಬೆಳಿಗ್ಗೆ ಮಾತ್ರೆ, ಸಂಜೆ ಮದ್ಯ ಎಂದು ಹೊತ್ತು ಬೇರೆ ಮಾಡಿಕೊಂಡರೆ ಸಾಕೆಂದು ಕೆಲವರು ನಂಬಿದ್ದಾರೆ. 20 ಗಂಟೆಯಲ್ಲಿ ಅರ್ಧ ಮಾತ್ರ ಇಳಿಯುವ ಔಷಧಕ್ಕೆ ಆ ಲೆಕ್ಕ ನಡೆಯುವುದಿಲ್ಲ. ನೆಗಡಿ ಮಾತ್ರೆ ತೆಗೆದುಕೊಳ್ಳುವ ದಿನಗಳಲ್ಲಿ, ನಿಲ್ಲಿಸಿದ ಮೇಲೂ ಎರಡು ದಿನ ಮದ್ಯ ಬೇಡ. ಮೊದಲೇ ಕುಡಿದಾಗಿದ್ದರೆ ಆ ರಾತ್ರಿ ಮಂಪರಿನ ಮಾತ್ರೆ ಬೇಡ. ಮೂಗಿಗೆ ಉಪ್ಪುನೀರಿನ ಹನಿ ಹಾಕಿ, ತಲೆ ಎತ್ತರವಿಟ್ಟು ಮಲಗಿದರೆ ಒಂದು ರಾತ್ರಿ ಕಳೆಯುತ್ತದೆ. ಮಾತ್ರೆ ಮತ್ತು ಸಿರಪ್ ಎರಡನ್ನೂ ಕೊಳ್ಳುವಾಗ ಎರಡರಲ್ಲೂ ಕ್ಲೋರ್‌ಫೆನಿರಮೈನ್ ಇದೆಯೇ ಎಂದು ಅಂಗಡಿಯವರನ್ನು ಕೇಳಿ, ಇದ್ದರೆ ಒಂದನ್ನು ಮಾತ್ರ ತೆಗೆದುಕೊಳ್ಳಿ. ಪ್ಯಾರಸಿಟಮಾಲ್‌ಗೂ ಇದೇ ಮಾತು. ದಿನವೂ ಕುಡಿಯುವವರ ಲಿವರ್‌ಗೆ ಅದರ ಡೋಸ್ ದುಪ್ಪಟ್ಟಾಗುವುದು ದೊಡ್ಡ ಹೊಡೆತ.

ಒಂದು ಎಚ್ಚರಿಕೆ. ವೈದ್ಯರ ಸಲಹೆಯಂತೆ ಆಲ್‌ಪ್ರಜೊಲಾಮ್, ಕ್ಲೊನಜೆಪಾಮ್ ದಿನವೂ ತೆಗೆದುಕೊಳ್ಳುತ್ತಿರುವವರು ಪಾರ್ಟಿ ಇದೆಯೆಂದು ಮಾತ್ರೆ ತಪ್ಪಿಸಿ ಮದ್ಯ ಕುಡಿಯಬಾರದು. ಅವರು ಬಿಡಬೇಕಾದದ್ದು ಮದ್ಯವನ್ನು. ಬಹುದಿನ ನುಂಗಿದ ಇಂಥ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ಮದ್ಯ ನಿಲ್ಲಿಸಿದರೂ ಅದೇ ಅಪಾಯ ಇದೆ. ಎರಡನ್ನೂ ವೈದ್ಯರ ಕಣ್ಣೆದುರಿನಲ್ಲೇ ನಿಧಾನವಾಗಿ ಬಿಡಬೇಕು. ವೈದ್ಯರು ಬೈಯುತ್ತಾರೆಂದು ಕುಡಿಯುವ ಅಭ್ಯಾಸವನ್ನು ಮುಚ್ಚಿಡಬೇಡಿ. ನಿಮಗೆ ಯಾವ ಮಾತ್ರೆ, ಎಷ್ಟು ಎಂದು ಅವರು ತೀರ್ಮಾನಿಸುವುದು ನೀವು ಕೊಡುವ ಆ ಉತ್ತರದ ಮೇಲೆಯೇ.