ತೆರೆದ ಡಬ್ಬಿಯ ಹನ್ನೆರಡು ತಿಂಗಳು

ಏಪ್ರಿಲ್ ತಿಂಗಳು ಕಾಲಿಟ್ಟೊಡನೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಗಿನ ಎಂಟು ಗಂಟೆಗೇ ಬಾಗಿಲು ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚಿಕೊಳ್ಳುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಈ ನಾಡಿನ ಬಿಸಿಲು ಮನುಷ್ಯನ ಶ್ರಮಕ್ಕೆ ಯಾವ ಮಿತಿಯನ್ನು ವಿಧಿಸುತ್ತದೆ ಎಂಬುದನ್ನು ರಾಜ್ಯಶಾಸನವೇ ಒಪ್ಪಿಕೊಂಡಂತಾಯಿತು. ಆದರೆ ಅದೇ ಊರಿನ ಸೂಪರ್ ಮಾರ್ಕೆಟ್ಟಿನ ಅಂಗಡಿಗಳಲ್ಲಿ, ಕಮಲಾಪುರದ ಹಾದಿಬದಿಯ ತಗಡಿನ ಮಳಿಗೆಗಳಲ್ಲಿ, ಸಾಲುಸಾಲಾಗಿ ನಿಂತಿರುವ ಮುಖದ ಕ್ರೀಮು, ಕಾಡಿಗೆ, ತುಟಿಯ ಬಣ್ಣ, ಬಿಸಿಲುಲೇಪಗಳಿಗೆ ಇಂಥ ವಿನಾಯಿತಿ ಯಾವುದೂ ದೊರೆತಿಲ್ಲ. ಅವು ಬೆಳಗಿನಿಂದ ಸಂಜೆಯವರೆಗೂ ಆ ತಾಪವನ್ನು ಮೌನವಾಗಿ ಸಹಿಸಿ, ಸಹಿಸಿದುದರ ಗುರುತನ್ನು ಮೈಮೇಲೆ ಎಲ್ಲಿಯೂ ತೋರಗೊಡದೆ, ಗಿರಾಕಿಯ ಕೈ ಸೇರುತ್ತವೆ.

“ಅಣ್ಣಾರ, ಡೇಟ್ ನೋಡಿ ಕೊಡ್ರಿ” ಎಂದು ಕೇಳಿದ ಹೆಣ್ಣುಮಗಳಿಗೆ “ಇನ್ನ ಭಾಳ ಟೈಮ್ ಅದ ತಗೋರಿ ಅಕ್ಕಾರ” ಎಂಬ ಉತ್ತರ ಬರುವುದು ಈ ಪೇಟೆಯಲ್ಲಿ ನಿತ್ಯದ ಮಾತು. ವ್ಯಾಪಾರಿ ಸುಳ್ಳು ಹೇಳುತ್ತಿಲ್ಲ. ಡಬ್ಬಿಯ ಬೆನ್ನಿನ ಮೇಲಿರುವ ಮೂರು ಗುರುತುಗಳಲ್ಲಿ ಅವನು ಒಂದನ್ನು ಮಾತ್ರ ಓದಿದ್ದಾನೆ, ಅಷ್ಟೆ. ‘ಇಂಥ ತಿಂಗಳಿನೊಳಗೆ ಬಳಸಿ’ ಎಂಬ ಗಡುವು ಒಂದು, ‘ಬಿ. ನಂ.’ ಎಂಬ ಅಕ್ಷರಗಳ ಮುಂದಿರುವ ಬ್ಯಾಚ್ ಸಂಖ್ಯೆ ಇನ್ನೊಂದು. ಮುಚ್ಚಳ ಓರೆಯಾಗಿ ತೆರೆದ ಪುಟ್ಟ ಭರಣಿಯ ಚಿತ್ರ, ಅದರೊಳಗೆ ‘12 ಎಂ’ ಎಂಬ ಬರಹ, ಮೂರನೆಯದು. ಇವು ಮೂರೂ ಒಂದೇ ಕಾಲದಲ್ಲಿ, ಒಂದೇ ಉದ್ದೇಶದಿಂದ ಹುಟ್ಟಿದವಲ್ಲ. ಆದಕಾರಣ ಒಂದು ಹೇಳುವುದನ್ನು ಇನ್ನೊಂದು ಹೇಳುವುದಿಲ್ಲ.

ಮೊದಲೆರಡು ಗುರುತುಗಳು ನಮ್ಮ ದೇಶದ ಶಾಸನದ ಸಂತಾನ. 1940ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಔಷಧಗಳ ಕಾಯಿದೆ ಹೊರಟಾಗ ಗುಲ್ಬರ್ಗವಿನ್ನೂ ನಿಜಾಮರ ಆಳ್ವಿಕೆಯಲ್ಲಿದ್ದು ಆ ಕಾಯಿದೆಯ ಕೈಗೆ ಎಟುಕದಿತ್ತು. ಕಾಯಿದೆಗಾದರೂ ಆಗ ಪ್ರಸಾಧನಸಾಮಗ್ರಿಗಳ ಗೊಡವೆ ಇರಲಿಲ್ಲ. 1962ರ ತಿದ್ದುಪಡಿಯಿಂದ ಅವು ಅದರ ವ್ಯಾಪ್ತಿಗೆ ಬಂದವು; ಅಷ್ಟರಲ್ಲಿ ಗುಲ್ಬರ್ಗವೂ ಮೈಸೂರು ರಾಜ್ಯಕ್ಕೆ ಸೇರಿಯಾಗಿತ್ತು. ಈ ಕಾಯಿದೆಯ ಅಡಿಯಲ್ಲಿ ರೂಪುಗೊಂಡ, ಈಗ 2020ರ ಕಾಸ್ಮೆಟಿಕ್ಸ್ ನಿಯಮಗಳೆಂದು ಬೇರೆಯಾಗಿಯೇ ಪ್ರಕಟವಾಗಿರುವ ನಿಯಮಾವಳಿಯು ಮುಚ್ಚಿದ ಡಬ್ಬಿಯನ್ನು ಕುರಿತು ಚಿಂತಿಸುತ್ತದೆ. ಕಾರ್ಖಾನೆಯಿಂದ ಹೊರಟ ಸರಕು ಎಷ್ಟು ಕಾಲ ಕೆಡದೆ ಇದ್ದೀತು, ಕೆಟ್ಟರೆ ಅದು ಯಾವ ಹಂಡೆಯಲ್ಲಿ ಬೆಂದದ್ದು, ಎಂಬ ಎರಡು ಪ್ರಶ್ನೆಗಳಿಗೆ ಅದು ಉತ್ತರವನ್ನು ಬಯಸುತ್ತದೆ. ಡಬ್ಬಿ ತೆರೆದ ಬಳಿಕ ಮನೆಯಲ್ಲಿ ಏನಾಗುವುದೆಂಬುದು ಅದರ ಲಕ್ಷ್ಯವಲ್ಲ. ತೆರೆದ ಭರಣಿಯ ಚಿತ್ರವನ್ನು ನಮ್ಮ ಶಾಸನ ಕಡ್ಡಾಯ ಮಾಡಿಯೂ ಇಲ್ಲ.

ಆ ಚಿತ್ರ ಬಂದದ್ದು ಯೂರೋಪಿನಿಂದ. ಅದರ ಹಿಂದಿರುವ ಆತಂಕ ಅದಕ್ಕಿಂತಲೂ ಹಳೆಯದು. ಅಮೆರಿಕದ ಲೂಯಿ ವಿಲ್ಸನ್ ಮತ್ತು ಡೊನಾಲ್ಡ್ ಅಹರ್ನ್ ಎಂಬ ಸಂಶೋಧಕರು, ರೆಪ್ಪೆಗೆ ಬಳಿಯುವ ಮಸ್ಕಾರದಲ್ಲಿ ಬೆಳೆದ ಸ್ಯೂಡೋಮೊನಾಸ್ ಎಂಬ ಜೀವಾಣುವಿನಿಂದ ಕಣ್ಣಿನ ಪಾರದರ್ಶಕ ಪಟಲದಲ್ಲಿ ವ್ರಣವುಂಟಾದ ಪ್ರಕರಣಗಳನ್ನು 1977ರಲ್ಲಿ ಪ್ರಕಟಿಸಿದರು. ರೋಗಾಣು ಕಾರ್ಖಾನೆಯಿಂದಲೇ ಬರಬೇಕೆಂದಿಲ್ಲ. ರೆಪ್ಪೆಗೆ ತಾಗಿ, ಮರಳಿ ಕೊಳವೆಯೊಳಗೆ ಹೋಗಿ, ಮತ್ತೆ ರೆಪ್ಪೆಗೆ ಬರುವ ಕುಂಚವೇ ಅದನ್ನು ಒಳಗೆ ಹೊಗಿಸಿ ಸಾಕುತ್ತದೆ ಎಂಬ ತಿಳಿವಳಿಕೆ ಇಂಥ ಅಧ್ಯಯನಗಳಿಂದ ದೃಢವಾಯಿತು. ಮೂವತ್ತು ತಿಂಗಳಿಗಿಂತ ಹೆಚ್ಚು ಬಾಳುವ ಸರಕಿಗೆ ಯೂರೋಪಿನಲ್ಲಿ ಗಡುವಿನ ದಿನಾಂಕವನ್ನು ಮುದ್ರಿಸುವ ನಿರ್ಬಂಧವಿರಲಿಲ್ಲ. ಅಂಥ ಸರಕು ತೆರೆದ ಮೇಲೆ ಎಷ್ಟು ತಿಂಗಳು ಬಳಕೆಗೆ ಯೋಗ್ಯವೆಂದು ತಿಳಿಸಬೇಕೆಂಬ ನಿರ್ದೇಶ 2003ರ ಫೆಬ್ರವರಿಯಲ್ಲಿ ಹೊರಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಭರಣಿಯ ಚಿತ್ರ ನಿಶ್ಚಯವಾಯಿತು. 2005ರ ಮಾರ್ಚ್ 11ರಿಂದ ಅದು ಜಾರಿಗೆ ಬಂದಿತು. ಹಲವು ದೇಶಗಳಲ್ಲಿ ಮಾರುವ ಕಂಪನಿಗಳು ಒಂದೇ ಡಬ್ಬಿಯನ್ನು ಎಲ್ಲೆಡೆಗೂ ಕಳುಹಿಸುವುದರಿಂದ, ಭರಣಿಯ ಚಿತ್ರವೂ ಸದ್ದಿಲ್ಲದೆ ಕಲಬುರಗಿಗೆ ಬಂದಿಳಿಯಿತು.

ಬಂದಿತು, ಸರಿ, ಆದರೆ ಆ ಹನ್ನೆರಡು ಎಂಬ ಅಂಕಿ ಯಾವ ಹವೆಯಲ್ಲಿ ಎಣಿಸಿದ್ದು? ಅದನ್ನು ನಿಶ್ಚಯಿಸುವವನು ತಯಾರಕನೇ. ಸಾಮಾನ್ಯವಾಗಿ ಅವನು ಆಶ್ರಯಿಸುವ ಒಂದು ಪರೀಕ್ಷೆಯಲ್ಲಿ ಐದು ಬಗೆಯ ಸೂಕ್ಷ್ಮಜೀವಿಗಳನ್ನು ಬೇಕೆಂದೇ ಕ್ರೀಮಿನೊಳಗೆ ಬಿಟ್ಟು, ಅದರಲ್ಲಿರುವ ಸಂರಕ್ಷಕದ್ರವ್ಯವು ಇಪ್ಪತ್ತೆಂಟು ದಿನಗಳಲ್ಲಿ ಅವನ್ನು ಎಷ್ಟರಮಟ್ಟಿಗೆ ಅಡಗಿಸುತ್ತದೆಂದು ನೋಡುತ್ತಾರೆ. ಆ ಇಪ್ಪತ್ತೆಂಟು ದಿನವೂ ಕ್ರೀಮು ಇರುವುದು 20ರಿಂದ 25 ಅಂಶ ಸೆಲ್ಸಿಯಸ್ ತಾಪದಲ್ಲಿ. ಮೇ ತಿಂಗಳ ಕಲಬುರಗಿಯಲ್ಲಿ ನಡುರಾತ್ರಿಯಲ್ಲಿಯೂ ಅಷ್ಟು ತಂಪು ಸಿಕ್ಕುವುದು ಅಪರೂಪ. ಔಷಧಗಳ ಬಾಳಿಕೆಯನ್ನು ಅಳೆಯುವುದಕ್ಕೆ ಜಗತ್ತನ್ನು ನಾಲ್ಕು ಹವಾವಲಯಗಳನ್ನಾಗಿ ವಿಭಾಗಿಸುವ ಕ್ರಮವು 1972ರಲ್ಲಿ ಫುಚರ್ ಮತ್ತು ಶುಮಾಖರ್ ಎಂಬವರ ಲೇಖನದಿಂದ ಬಳಕೆಗೆ ಬಂದಿತು. ಅದರಲ್ಲಿ ಉಷ್ಣದೇಶಗಳಿಗೆ ನಿಗದಿಯಾದ ಶಾಖ 30 ಅಂಶ. ಇನ್ನು, ಕೆಡುವುದನ್ನು ಬೇಗ ಕಾಣಬೇಕೆಂದು ಸರಕನ್ನು ಉದ್ದೇಶಪೂರ್ವಕವಾಗಿ ಹಿಂಸಿಸುವ ‘ತ್ವರಿತ ಪರೀಕ್ಷೆ’ ಎಂಬುದೊಂದಿದೆ. ಆರು ತಿಂಗಳು 40 ಅಂಶದ ಪೆಟ್ಟಿಗೆಯಲ್ಲಿ ಇಡುವುದೇ ಅದರ ವಿಧಿ. ಏಪ್ರಿಲ್–ಮೇ ತಿಂಗಳುಗಳ ಮಧ್ಯಾಹ್ನ, ನೆರಳಿನಲ್ಲಿಯೇ, ಕಲಬುರಗಿಯ ಪಾದರಸ ಆ ಮಟ್ಟವನ್ನು ದಾಟುತ್ತದೆ. ಪ್ರಯೋಗಶಾಲೆಯವರು ಹಣ ತೆತ್ತು ಮಾಡಿಕೊಂಡ ಪೆಟ್ಟಿಗೆಯನ್ನು ನಮಗೆ ಸೂರ್ಯನಾರಾಯಣನು ಉಚಿತವಾಗಿ ದಯಪಾಲಿಸಿದ್ದಾನೆ.

ಒಂದು ಡಬ್ಬಿಯ ಜಾತಕವನ್ನೇ ಬಿಡಿಸಿ ನೋಡೋಣ. 2024ರ ಮಾರ್ಚಿನಲ್ಲಿ ತಯಾರಾದ ಕ್ರೀಮು. ಬಳಸಬೇಕಾದ ಗಡುವು 2027ರ ಫೆಬ್ರವರಿ. ಭರಣಿಯಲ್ಲಿ 12 ಎಂ. ಅದು ಕಮಲಾಪುರದ ತಗಡಿನ ಮಳಿಗೆಯಲ್ಲಿ ಒಂದು ಬೇಸಗೆಯನ್ನು ಕಳೆದು, 2025ರ ಮಾರ್ಚಿನಲ್ಲಿ ಮಾರಾಟವಾಗಿ, ಏಪ್ರಿಲ್ ಒಂದರಂದು ಕಲಬುರಗಿಯ ಒಂದು ಮನೆಯಲ್ಲಿ ತೆರೆಯಲ್ಪಟ್ಟಿತು ಎಂದಿಟ್ಟುಕೊಳ್ಳಿ. ತಾಪ ಹತ್ತು ಅಂಶ ಏರಿದಂತೆ ರಾಸಾಯನಿಕ ಕ್ರಿಯೆಯ ವೇಗ ಸುಮಾರು ಇಮ್ಮಡಿಯಾಗುತ್ತದೆ ಎಂಬುದು ರಸಾಯನಶಾಸ್ತ್ರದ ಹಳೆಯ ಸ್ಥೂಲ ಲೆಕ್ಕ. 25 ಅಂಶವನ್ನು ಆಧಾರವಾಗಿಟ್ಟುಕೊಂಡು, ತಗಡಿನ ಕೆಳಗೆ ಹಗಲಿರುಳು ಕೂಡಿ ಸರಾಸರಿ 40 ಅಂಶವಿತ್ತೆಂದು ಹಿಡಿದರೆ, ಆ ಒಂದು ಬೇಸಗೆಯ ಎರಡು ತಿಂಗಳೇ ಹೆಚ್ಚುಕಡಮೆ ಆರು ತಿಂಗಳಿಗೆ ಸಮ. ತೆರೆದ ಮೇಲೆ, ಕಾಂಕ್ರೀಟಿನ ಸೂರಿನ ಕೋಣೆಯಲ್ಲಿ ಸರಾಸರಿ 35 ಎಂದು ಹಿಡಿದರೂ, ಏಪ್ರಿಲ್–ಮೇ ಎರಡು ತಿಂಗಳು ನಾಲ್ಕಾಗಿ ಸಂದುಹೋಗುತ್ತವೆ. ಹನ್ನೆರಡರಲ್ಲಿ ಹತ್ತು ಉಳಿದಿದೆಯೆಂದು ಮನೆಯವರು ಎಣಿಸುವ ಹೊತ್ತಿಗೆ ಕ್ರೀಮಿನ ಎಣಿಕೆಯಲ್ಲಿ ಉಳಿದದ್ದು ಎಂಟೇ. ಶಹಾಬಾದ ಕಲ್ಲು ಹಾಸಿದ, ದಪ್ಪಗೋಡೆಯ ಹಳೆಯ ಮಾಳಿಗೆಮನೆಯ ಒಳಕೋಣೆಯಲ್ಲಿ ಅದೇ ಡಬ್ಬಿಯ ನಷ್ಟ ಇನ್ನೂ ಕಡಮೆಯಾದೀತು.

ಈ ಲೆಕ್ಕಕ್ಕೂ ಒಂದು ಎಲ್ಲೆಯುಂಟು. ಎಣ್ಣೆ ಕಮಟುವುದು, ವಿಟಮಿನ್ ಸಿ ಕಂದುಬಣ್ಣಕ್ಕೆ ತಿರುಗುವುದು, ಸುಗಂಧ ಸೊರಗುವುದು ಮೊದಲಾದ ನಿಧಾನದ ವಿಕಾರಗಳಿಗೆ ಅದು ಸಲ್ಲುತ್ತದೆ. ಆದರೆ ಕ್ರೀಮು ಎಂಬುದು ನೀರು ಎಣ್ಣೆಗಳನ್ನು ಬಲವಂತವಾಗಿ ಒಂದುಗೂಡಿಸಿದ ಸಂಸಾರ; ಅದು ಮುರಿಯುವುದು ಯಾವಾಗಲೂ ಕ್ರಮಕ್ರಮವಾಗಿ ಅಲ್ಲ, ಹೆಚ್ಚಿನ ತಾಪದಲ್ಲಿ ಹಠಾತ್ತನೆಯೂ ಮುರಿದೀತು. ಕಿಟಕಿಯ ಬಳಿ, ಇಲ್ಲವೆ ನಿಲ್ಲಿಸಿದ ಕಾರಿನಲ್ಲಿ, ಒಂದು ಮಧ್ಯಾಹ್ನ ಇದ್ದರೂ ಸಾಕು: ಮೇಲೆ ಎಣ್ಣೆಯ ಪದರ, ಕೆಳಗೆ ತೆಳುನೀರು ಕಾಣಬಹುದು; ಕರಗಿ ಮತ್ತೆ ಹೆಪ್ಪುಗಟ್ಟಿದ ಜಿಡ್ಡು ಬೆರಳಿಗೆ ಮರಳಿನಂತೆ ತಾಗಬಹುದು. ಬಿಸಿಲುಲೇಪದಲ್ಲಿ ಇಂಥ ಬಿರುಕು ಕಂಡರೆ ಕಲಸಿ ಬಳಸುವುದು ವ್ಯರ್ಥ, ಏಕೆಂದರೆ ಕಿರಣವನ್ನು ತಡೆಯುವ ದ್ರವ್ಯ ಆಗ ಚರ್ಮದ ಮೇಲೆ ಸಮನಾಗಿ ಹರಡುವುದಿಲ್ಲ. ತುಟಿಯ ಬಣ್ಣದ ಮೇಲೆ ಮೂಡುವ ಬೆವರಿನಂಥ ಎಣ್ಣೆಯ ಬಿಂದುಗಳು ಮಾತ್ರ, ವಾಸನೆ ಕೆಡದಿದ್ದರೆ, ತಾಪದ ಲಕ್ಷಣವೇ ಹೊರತು ಕೆಟ್ಟುದರ ಲಕ್ಷಣವಲ್ಲ, ಒರೆಸಿ ಬಳಸಬಹುದು.

ಕಮಲಾಪುರದ ಕೆಂಪು ಬಾಳೆಯಾದರೆ ಸಿಪ್ಪೆಯ ಮೇಲೆಯೇ ತನ್ನ ವಯಸ್ಸನ್ನು ಬರೆದುಕೊಂಡಿರುತ್ತದೆ; ಕ್ರೀಮಿನಲ್ಲಿ ಈ ಪ್ರಾಮಾಣಿಕತೆ ಇಲ್ಲ. ಕಮಟು ವಾಸನೆ, ಹಳದಿಗಟ್ಟುವಿಕೆ, ಮುಚ್ಚಳದ ಒಳಗಡೆಯ ಬೂಷ್ಟಿನ ಚುಕ್ಕೆ, ಉಬ್ಬಿದ ಟ್ಯೂಬು, ಇವು ಕಂಡರೆ ಎಸೆಯಬೇಕೆಂಬುದು ನಿಶ್ಚಯ. ಕಾಣದಿದ್ದರೆ ಸರಕು ಶುದ್ಧವೆಂಬುದು ನಿಶ್ಚಯವಲ್ಲ. ಸ್ಯೂಡೋಮೊನಾಸಿನಂಥವು ಬಣ್ಣವನ್ನಾಗಲಿ ಗಂಧವನ್ನಾಗಲಿ ಕೆಡಿಸದೆಯೇ ಒಳಗೆ ಬೆಳೆದಿರಬಲ್ಲವು. ಅವುಗಳಿಗೆ ಬೇಕಾದುದು ನೀರು. ಆದುದರಿಂದಲೇ ದರ್ಗಾದ ಸುತ್ತಿನ ಅಂಗಡಿಗಳ ನೀರಿಲ್ಲದ ಅತ್ತರು ವರ್ಷಗಟ್ಟಲೆ ಜೀವಾಣುಗಳಿಗೆ ಎಡೆಗೊಡದೆ ನಿಲ್ಲುತ್ತದೆ. ಒದ್ದೆಬೆರಳು ಅದ್ದಿದ ಕ್ರೀಮು ನಿಲ್ಲುವುದಿಲ್ಲ. ತಂಪಿಗೆಂದು ಫ್ರಿಜ್ಜಿನಲ್ಲಿಟ್ಟು ದಿನಕ್ಕೆರಡು ಸಲ ಬಿಸಿಕೋಣೆಗೆ ತಂದು ತೆರೆಯುವವರು, ಮುಚ್ಚಳದಡಿ ಹನಿಗಟ್ಟುವ ನೀರನ್ನು ಗಮನಿಸಬೇಕು. ಆ ಹನಿಯಲ್ಲಿ ಸಂರಕ್ಷಕದ್ರವ್ಯವಿಲ್ಲ; ಅದು ಬಿದ್ದ ಜಾಗದಲ್ಲೇ ಬೂಷ್ಟು ಮೊದಲು ಮೂಡುತ್ತದೆ. ಅದಕ್ಕಿಂತ ಒಳಕೋಣೆಯ ಕೆಳಗಿನ ಗೂಡಿನಲ್ಲಿ ಇಡುವುದು ಮೇಲು. ತೆರೆದ ದಿನವನ್ನು ಡಬ್ಬಿಯ ತಳದಲ್ಲಿ ಬರೆದಿಡದಿದ್ದರೆ ಭರಣಿಯೊಳಗಿನ ಅಂಕಿಗೆ ಅರ್ಥವೇ ಇಲ್ಲ.

ಇನ್ನು ಬ್ಯಾಚ್ ಸಂಖ್ಯೆಯ ಮಾತು. 5123 ಎಂದಿದ್ದರೆ, ಕೆಲವು ಕಂಪನಿಗಳ ರೂಢಿಯಂತೆ, ಐದರಲ್ಲಿ ಮುಗಿಯುವ ವರ್ಷದ 123ನೆಯ ದಿನ, ಎಂದರೆ ಮೇ 3 ಎಂದು ಓದಬಹುದು. ಆದರೆ ಆ ವರ್ಷ 2025 ಆಗಿರಬಹುದು, 2015 ಕೂಡ ಆಗಿರಬಹುದು. ಮತ್ತೊಂದು ಕಂಪನಿಯಲ್ಲಿ ಅದೇ ಅಂಕಿ ಬರಿಯ ಸರಣಿಯಾಗಿರಬಹುದು. ತಯಾರಿಕೆಯ ತಿಂಗಳು ಮುದ್ರಿತವಾಗಿದ್ದಲ್ಲಿ ಈ ಒಗಟನ್ನು ಬಿಡಿಸುವ ಶ್ರಮ ಬೇಡ. ಸಂಖ್ಯೆಯ ನಿಜವಾದ ಉಪಯೋಗ ದೂರು ಕೊಡುವಾಗ: ಮೈ ತುರಿಸಿದ ಕ್ರೀಮು ಯಾವ ಹಂಡೆಯದೆಂದು ಹೇಳಬಲ್ಲುದು ಅದೊಂದೇ. ಸಾಬೂನಿಗೆ ಮಾತ್ರ ಬ್ಯಾಚ್ ಸಂಖ್ಯೆಯ ಬದಲು ತಯಾರಾದ ತಿಂಗಳು ವರ್ಷಗಳು ಸಾಕೆಂದು, 2020ರ ನಿಯಮಗಳಿಗೆ ಮೊದಲಿದ್ದ 1945ರ ನಿಯಮಾವಳಿಯೇ ಒಪ್ಪಿತ್ತು. ಅದೇ ನಿಯಮ ಹತ್ತು ಗ್ರಾಮಿಗಿಂತ ಮೀರದ ಘನ ಪದಾರ್ಥಕ್ಕೂ ಇಪ್ಪತ್ತೈದು ಮಿಲಿಲೀಟರ್ ಮೀರದ ದ್ರವಕ್ಕೂ ಬ್ಯಾಚ್ ಸಂಖ್ಯೆಯನ್ನು ಬಿಟ್ಟುಕೊಟ್ಟಿತು. ಹಳ್ಳಿಯ ಅಂಗಡಿಗಳ ಮುಂದೆ ದಾರಕ್ಕೆ ಪೋಣಿಸಿ, ಹಗಲೆಲ್ಲ ನೇರ ಬಿಸಿಲಿಗೆ ತೂಗಬಿಡುವುದು ಆ ಅಳತೆಯ ಶಾಂಪೂ ಕ್ರೀಮುಗಳ ಚೀಟಿಗಳನ್ನೇ. ಒಂದೇ ಸಲ ಬಳಸುವುದರಿಂದ ಅವಕ್ಕೆ ತೆರೆದ ಭರಣಿಯ ಗುರುತೂ ಸಲ್ಲದು. ಆದ್ದರಿಂದ ಕೊಳ್ಳುವವರು ಆ ಸರದ ಹೊರತುದಿಯದನ್ನು ಬಿಟ್ಟು, ಅಂಗಡಿಯ ಒಳಗಿನ ಪೆಟ್ಟಿಗೆಯಿಂದ ಹೊಸದನ್ನು ಕೇಳಿ ಪಡೆಯುವುದುಂಟು.