ಬಾಟಲಿ ತಳದ 2 ಎಂಬ ಅಂಕಿ ‘ಸೇಫ್’ ಎನ್ನುವುದಕ್ಕೆ ಗುರುತಲ್ಲ

ಆಗಾಗ ವಾಟ್ಸಾಪ್ ಗುಂಪುಗಳಿಗೆ ಬರುವ ಒಂದು ಸಂದೇಶವಿದೆ. ಪ್ಲಾಸ್ಟಿಕ್ ಬಾಟಲಿಯನ್ನು ಬೋರಲು ಹಾಕಿ ನೋಡಿ, ತ್ರಿಕೋನದೊಳಗೆ 2, 4 ಅಥವಾ 5 ಇದ್ದರೆ ಆರೋಗ್ಯಕ್ಕೆ ಒಳ್ಳೆಯದು, 3, 6, 7 ಇದ್ದರೆ ವಿಷ, 1 ಇದ್ದರೆ ಒಂದೇ ಸಲ ಬಳಸಬೇಕು ಎನ್ನುತ್ತದೆ ಅದು. ನೆನಪಿಡಲು ಸುಲಭ, ಅದಕ್ಕೇ ಇಷ್ಟು ಹರಡುತ್ತದೆ. ಆದರೆ ಗುಬ್ಬಿ, ಕುಣಿಗಲ್ ಕಡೆಯ ತೋಟದ ಮನೆಗಳಲ್ಲಿ ಇದನ್ನು ನಂಬಿ ನಡೆದರೆ ನಿಜವಾದ ಅಪಾಯವಿದೆ. ಏಕೆಂದು ತಿಳಿಯಲು ಆ ಅಂಕಿ ಯಾರಿಗಾಗಿ ಹುಟ್ಟಿತು ಎಂದು ಮೊದಲು ನೋಡಬೇಕು.

1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘವೊಂದು ಈ ಅಂಕಿಗಳನ್ನು ಜಾರಿಗೆ ತಂದಿತು. ಕಸ ವಿಂಗಡಿಸುವವರಿಗೆ ಯಾವ ಬಾಟಲಿ ಯಾವ ಜಾತಿಯ ಪ್ಲಾಸ್ಟಿಕ್ ಎಂದು ತಿಳಿಯಲಿ ಎಂಬುದಷ್ಟೇ ಉದ್ದೇಶ. 1 ಎಂದರೆ ಪೆಟ್, ಅಂದರೆ ನೀರು ಮತ್ತು ಕೂಲ್‌ಡ್ರಿಂಕ್ ಬಾಟಲಿಯ ಪ್ಲಾಸ್ಟಿಕ್. 2 ಎಂದರೆ ಕ್ಯಾನುಗಳಿಗೆ ಬಳಸುವ ಗಟ್ಟಿ ಪಾಲಿಥಿನ್. 3 ಪಿವಿಸಿ, 4 ಮೆತ್ತನೆಯ ಪಾಲಿಥಿನ್, 5 ಪಾಲಿಪ್ರೊಪಿಲೀನ್, 6 ಥರ್ಮಾಕೋಲ್ ಜಾತಿಯದು. ಇವು ಯಾವುದಕ್ಕೂ ಸೇರದ್ದೆಲ್ಲ 7. ಎಷ್ಟು ಸಲ ಬಳಸಬಹುದು, ಊಟಕ್ಕೆ ಯೋಗ್ಯವೇ ಎಂಬ ಪ್ರಶ್ನೆಗಳಿಗೆ ಈ ಪಟ್ಟಿಯಲ್ಲಿ ಉತ್ತರವೇ ಇಲ್ಲ.

ಅಂಕಿಯ ಸುತ್ತಲಿನ ಬಾಣಗಳೂ ಜನರನ್ನು ದಾರಿ ತಪ್ಪಿಸಿವೆ. ಬಾಣ ಇದ್ದರೆ ಅದು ಮರುಬಳಕೆಯಾಗಿಯೇ ತೀರುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಈ ಗೊಂದಲ ತಪ್ಪಿಸಲೆಂದೇ 2013ರಲ್ಲಿ ಅಮೆರಿಕದ ಮಾನದಂಡದಲ್ಲಿ ಬಾಣಗಳ ಬದಲು ಬರೀ ತ್ರಿಕೋನ ಬಂತು. ಆದರೂ ಅನೇಕ ಬಾಟಲಿಗಳ ಮೇಲೆ ಬಾಣಗಳು ಇನ್ನೂ ಉಳಿದಿವೆ.

ಬೇರೆ ಮಾಡುವುದು ಏಕೆ ಮುಖ್ಯ ಎಂದು ಮನೆಯಲ್ಲೇ ನೋಡಬಹುದು. ನೀರಿನ ಬಾಟಲಿಯಿಂದ ಒಂದು ಚೂರು ಕತ್ತರಿಸಿ, ಅದರ ಮುಚ್ಚಳದ ಜೊತೆ ಬಕೆಟ್ ನೀರಿಗೆ ಹಾಕಿ ಚೆನ್ನಾಗಿ ಅದ್ದಿ ಬಿಡಿ. ಬಾಟಲಿಯ ಚೂರು ಮುಳುಗುತ್ತದೆ, ಮುಚ್ಚಳ ತೇಲುತ್ತದೆ. ಪೆಟ್ ನೀರಿಗಿಂತ ಭಾರ. ಮುಚ್ಚಳ 2 ಅಥವಾ 5ರ ಜಾತಿ, ನೀರಿಗಿಂತ ಹಗುರ. ಮರುಬಳಕೆ ಕಾರ್ಖಾನೆಗಳಲ್ಲೂ ಇದೇ ಉಪಾಯವನ್ನು ದೊಡ್ಡ ತೊಟ್ಟಿಗಳಲ್ಲಿ ಬಳಸುತ್ತಾರೆ. ಪಿವಿಸಿ ಮಾತ್ರ ಪೆಟ್ ಜೊತೆಗೇ ಮುಳುಗಿ ತೊಂದರೆ ಕೊಡುತ್ತದೆ. ಪೆಟ್ ಕರಗಲು ಸುಮಾರು 250 ಡಿಗ್ರಿ ಬಿಸಿ ಬೇಕು, ಅಷ್ಟು ಹೊತ್ತಿಗೆ ಪಿವಿಸಿ ಸುಟ್ಟು ಕಪ್ಪಾಗಿ ಮಾಲನ್ನೇ ಕೆಡಿಸಿರುತ್ತದೆ. ಅಂಕಿ ಹುಟ್ಟಿದ್ದು ಇಂಥ ಕೆಲಸಕ್ಕೆ, ನಮ್ಮ ಅಡುಗೆಮನೆಗಲ್ಲ.

ಈಗ ಅಪಾಯದ ವಿಷಯಕ್ಕೆ ಬರೋಣ. ತೆಂಗು, ಅಡಿಕೆ, ರಾಗಿ ಬೆಳೆಯುವ ಮನೆಯ ಕೊಟ್ಟಿಗೆಯಲ್ಲಿ ಎರಡು ಖಾಲಿ ಕ್ಯಾನುಗಳಿವೆ ಎಂದುಕೊಳ್ಳಿ. ಒಂದು ಅಡುಗೆ ಎಣ್ಣೆ ಬಂದದ್ದು, ಇನ್ನೊಂದು ಕೀಟನಾಶಕ ಬಂದದ್ದು. ಎರಡರ ತಳದಲ್ಲೂ 2 ಎಂದೇ ಇರಬಹುದು, ಏಕೆಂದರೆ ಎರಡನ್ನೂ ಅದೇ ಗಟ್ಟಿ ಪಾಲಿಥಿನ್‌ನಿಂದ ಮಾಡುವುದು ಸಾಮಾನ್ಯ. ಕೀಟನಾಶಕದ ಕ್ಯಾನ್ ತೊಳೆದಾಗ ಕಾಗದದ ಲೇಬಲ್ ಕಿತ್ತುಹೋಗುತ್ತದೆ. ಅಚ್ಚಿನಲ್ಲಿ ಉಬ್ಬಿ ಬಂದ 2 ಮಾತ್ರ ಹಾಗೇ ಉಳಿಯುತ್ತದೆ. ವಿಷದ ಗುರುತು ಹೋಗಿ, ಫಾರ್ವರ್ಡ್ ಹೇಳಿದ ‘ಒಳ್ಳೆಯ’ ಗುರುತು ಉಳಿದಂತಾಯಿತು. ಗಟ್ಟಿಮುಟ್ಟಾದ, ಹಿಡಿಯಿರುವ ಇಂಥ ಕ್ಯಾನನ್ನು ಹೊಲಕ್ಕೆ ನೀರು ಒಯ್ಯಲೋ ಮಜ್ಜಿಗೆ ಒಯ್ಯಲೋ ಯಾರಾದರೂ ಎತ್ತಿಕೊಂಡರೆ ಆಶ್ಚರ್ಯವಿಲ್ಲ.

ಸೋಪು ಹಾಕಿ ಉಜ್ಜಿದರೆ ಸಾಲದೇ? ಸಾಲದು. ಅನೇಕ ಕೀಟನಾಶಕಗಳನ್ನು ಪೆಟ್ರೋಲಿಯಂ ಜಾತಿಯ ದ್ರಾವಕದಲ್ಲಿ ಕರಗಿಸಿರುತ್ತಾರೆ. ನೀರಿಗೆ ಹಾಕಿದರೆ ಹಾಲಿನಂತೆ ಬೆಳ್ಳಗಾಗುವ ಔಷಧಿಗಳು ಸಾಮಾನ್ಯವಾಗಿ ಇಂಥವು. ಪಾಲಿಥಿನ್ ಕೂಡ ಪೆಟ್ರೋಲಿಯಂ ಮೂಲದ್ದೇ ಆದ್ದರಿಂದ ಆ ದ್ರಾವಕ ಕ್ಯಾನಿನ ಗೋಡೆಯೊಳಗೆ ಸ್ವಲ್ಪ ಸ್ವಲ್ಪವೇ ಇಂಗುತ್ತದೆ, ಜೊತೆಗೆ ಔಷಧಿಯನ್ನೂ ಒಯ್ಯುತ್ತದೆ. ತೊಳೆದರೆ ಹೋಗುವುದು ಮೇಲ್ಮೈಯಲ್ಲಿದ್ದದ್ದು. ಒಳಗೆ ಇಂಗಿದ್ದು ಆಮೇಲೆ ನಿಧಾನವಾಗಿ ಹೊರಬರುತ್ತದೆ, ಅದರಲ್ಲೂ ಎಣ್ಣೆ, ಹಾಲಿನಂತಹ ಜಿಡ್ಡಿನ ಪದಾರ್ಥ ಹಾಕಿದಾಗ. ಸೀಮೆಎಣ್ಣೆ ಕ್ಯಾನನ್ನು ಎಷ್ಟು ತೊಳೆದರೂ ಮುಚ್ಚಿ ಬಿಸಿಲಿಗಿಟ್ಟು ತೆಗೆದರೆ ಮತ್ತೆ ವಾಸನೆ ಬರುವುದನ್ನು ಹಳಬರು ಕಂಡಿದ್ದಾರೆ. ಕೀಟನಾಶಕದಲ್ಲೂ ಆಗುವುದು ಅದೇ. ಆದರೆ ಎಲ್ಲ ಔಷಧಿಗೂ ವಾಸನೆ ಇರುವುದಿಲ್ಲ, ಹಾಗಾಗಿ ಮೂಸಿ ನೋಡಿ ತೀರ್ಮಾನಿಸುವಂತಿಲ್ಲ.

ಹಾಗಾದರೆ ನೋಡಬೇಕಾದ ಗುರುತು ಯಾವುದು? ಕೀಟನಾಶಕದ ಲೇಬಲ್ ಮೇಲೆ ವಜ್ರಾಕಾರದ ಚೌಕವೊಂದು ಇರಲೇಬೇಕು. ಅದರ ಕೆಳಗಿನ ಅರ್ಧ ಕೆಂಪು, ಹಳದಿ, ನೀಲಿ ಅಥವಾ ಹಸಿರು. ಕೆಂಪು ಅತಿ ಘೋರ ವಿಷ, ಆಮೇಲಿನವು ಕ್ರಮವಾಗಿ ಕಡಿಮೆ. ಹಸಿರು ಕಂಡು ನಿರಪಾಯ ಎಂದುಕೊಳ್ಳಬೇಡಿ, ವಿಷದ ಪ್ರಮಾಣ ಕಡಿಮೆ ಎಂದಷ್ಟೇ ಅದರ ಅರ್ಥ. ಈ ಚೌಕವಿದ್ದ ಕ್ಯಾನ್ ಖಾಲಿಯಾದ ಮೇಲೆ ಬೇರೆ ಯಾವ ಬಳಕೆಗೂ ಬರಕೂಡದು. ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸಿಂಪರಣೆ ಟ್ಯಾಂಕಿಗೇ ಸುರಿದು, ತಳಕ್ಕೆ ತೂತು ಹೊಡೆಯಬೇಕು. ಒಡೆದು, ಜನವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳು ಹೇಳುತ್ತವೆ. ತೂತು ಹೊಡೆಯುವುದನ್ನಂತೂ ಅಂದೇ ಮಾಡಿ, ತೂತಿನ ಕ್ಯಾನಿನಲ್ಲಿ ಯಾರೂ ನೀರು ತುಂಬುವುದಿಲ್ಲ.

ಆಹಾರದ ಡಬ್ಬವಾದರೆ ಲೋಟ ಮತ್ತು ಫೋರ್ಕ್ ಇರುವ ಪುಟ್ಟ ಚಿತ್ರವನ್ನು ಹುಡುಕಿ. ಯುರೋಪಿನಲ್ಲಿ ಶುರುವಾದ ಈ ಗುರುತು ಇಲ್ಲಿನ ಅನೇಕ ಡಬ್ಬಗಳ ಮೇಲೂ ಇರುತ್ತದೆ. ಆಹಾರ ತಾಗುವುದಕ್ಕೆಂದೇ ಮಾಡಿದ್ದು ಎಂದು ಅದರ ಅರ್ಥ. ಚಿತ್ರ ಇಲ್ಲದಿದ್ದರೆ, ಅದರಲ್ಲಿ ಮೊದಲು ಏನಿತ್ತು ಎಂಬುದೇ ನಿಮ್ಮ ಕೈಲಿರುವ ಒಳ್ಳೆಯ ಮಾಹಿತಿ. ಗುಜರಿ ಅಂಗಡಿಯಿಂದ ತಂದ, ಹಿಂದಿನ ಕಥೆ ಗೊತ್ತಿಲ್ಲದ ಕ್ಯಾನನ್ನು ತಳದ ಅಂಕಿ ನೋಡಿ ಒಳಗೆ ತರಬೇಡಿ.

ಕೊನೆಗೆ 7ರ ಮಾತು. ತುಮಕೂರು ಜಿಲ್ಲೆಯ ಹಲವು ಕಡೆ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಹಾಗಾಗಿ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರ್ ಕ್ಯಾನ್ ಹೊತ್ತು ತರುವುದು ದಿನದ ಕೆಲಸ. ಕೆಲವು ಕ್ಯಾನುಗಳ ತಳದಲ್ಲಿ 7, ಕೆಲವಕ್ಕೆ 1 ಇರುತ್ತದೆ. 7 ಇರುವ ಗಟ್ಟಿ, ಪಾರದರ್ಶಕ ಕ್ಯಾನುಗಳು ಸಾಮಾನ್ಯವಾಗಿ ಪಾಲಿಕಾರ್ಬೊನೇಟ್. ಇದನ್ನು ಬಿಸ್ಫೆನಾಲ್ ಎ ಎಂಬ ರಾಸಾಯನಿಕದಿಂದ ಮಾಡುತ್ತಾರೆ, ಅದರ ಬಗ್ಗೆ ಇರುವ ಆತಂಕ ಸುಳ್ಳಲ್ಲ. ಆಹಾರ ತಾಗುವ ವಸ್ತುಗಳಲ್ಲಿ ಅದನ್ನು ನಿಷೇಧಿಸಲು ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್‌ನಲ್ಲಿ ನಿರ್ಧರಿಸಿತು. ಆದರೆ 7 ಎಂದರೆ ‘ಇತರೆ’, ಈ ರಾಸಾಯನಿಕವೇ ಇಲ್ಲದ ಎಷ್ಟೋ ಪ್ಲಾಸ್ಟಿಕ್‌ಗಳೂ ಅದೇ ಅಂಕಿಯಡಿ ಬರುತ್ತವೆ.

ಪಾಲಿಕಾರ್ಬೊನೇಟ್‌ನಿಂದ ಬಿಸ್ಫೆನಾಲ್ ಹೆಚ್ಚು ಇಳಿಯುವುದು ಬಿಸಿಗೆ. ಆದ್ದರಿಂದ 7 ಕಂಡ ಕೂಡಲೇ ಕ್ಯಾನ್ ಎಸೆಯುವ ಬದಲು ಅದನ್ನು ನೆರಳಲ್ಲಿಡಿ, ಕಾದ ನೀರಿನಿಂದ ತೊಳೆಯಬೇಡಿ. ಒಳಗೆಲ್ಲ ಗೀರು ಬಿದ್ದು ಮಸುಕಾಗಿದ್ದರೆ ಬದಲಿಸಿ. 1 ಇರುವ ಪೆಟ್ ಕ್ಯಾನಿಗೂ ಕುದಿಯುವ ನೀರು ಆಗದು, ಸುಮಾರು 70 ಡಿಗ್ರಿ ದಾಟಿದರೆ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ. ಆದರೆ ಒಂದೇ ಸಲ ಬಳಸಬೇಕೆಂದು ಆ 1 ಹೇಳುವುದಿಲ್ಲ. ಹಾಗಿದ್ದರೆ ಘಟಕದಲ್ಲಿ ದಿನಾ ತುಂಬಿಸುವ ಪೆಟ್ ಕ್ಯಾನುಗಳಿಗೂ ಅದೇ 1 ಏಕಿರುತ್ತಿತ್ತು? ಚಿಕ್ಕ ನೀರಿನ ಬಾಟಲಿಯನ್ನು ಮತ್ತೆ ಮತ್ತೆ ಬಳಸಬೇಡಿ ಎನ್ನುವುದಕ್ಕೆ ಕಾರಣ ಬೇರೆ. ಅದರ ಕುತ್ತಿಗೆಯೊಳಗೆ ಕೈ ಹೋಗುವುದಿಲ್ಲ, ಉಜ್ಜಿ ತೊಳೆಯಲಾಗದೆ ಒಳಗೆ ಲೋಳೆ ಕಟ್ಟುತ್ತದೆ.